ಡೂ ಬಂದರೆ ಟು, ಡೂ ಇಲ್ಲದಿದ್ದರೆ ಟು ಇಲ್ಲ

ಕೇಳುಗರಿಗೆ ನಮಸ್ಕಾರ. ಇವತ್ತು ನಾಲ್ಕು ಇಂಗ್ಲಿಷ್ ಮಾತುಗಳು: ನೀಡ್, ಡೇರ್, ಆಟ್ ಟು, ಹ್ಯಾಡ್ ಬೆಟರ್. ಅಡುಗೆಮನೆಯಲ್ಲಿರುವವರು ಒಗ್ಗರಣೆ ಹಾಕುತ್ತಲೇ ಕೇಳಿ, ಬಸ್ಸಿನಲ್ಲಿರುವವರು ಮನಸ್ಸಿನಲ್ಲೇ ಹೇಳಿಕೊಳ್ಳಿ. ಪೆನ್ನು, ಪುಸ್ತಕ ಬೇಡ. ಬಾಯಿ ಸಾಕು.

ಮೊದಲು ನೀಡ್. ನಮ್ಮ ಬಿಎಂಟಿಸಿ ಬಸ್ಸನ್ನೇ ತೆಗೆದುಕೊಳ್ಳೋಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ದುಡ್ಡು ಕೊಡಬೇಕಾಗಿಲ್ಲ, ಆದರೆ ಶೂನ್ಯ ಟಿಕೆಟ್ ತಗೋಬೇಕು. ಟಿಕೆಟ್ ತಗೋಬೇಕು ಅನ್ನೋದು ಹೀಗೆ: ‘ಶೀ ನೀಡ್ಸ್ ಟು ಟೇಕ್ ಎ ಟಿಕೆಟ್.’ ದುಡ್ಡು ಕೊಡಬೇಕಾಗಿಲ್ಲ ಅನ್ನೋದಕ್ಕೆ ಎರಡು ದಾರಿ ಇವೆ. ‘ಶೀ ನೀಡ್ ನಾಟ್ ಪೇ’ ಒಂದು. ‘ಶೀ ಡಸ್ ನಾಟ್ ನೀಡ್ ಟು ಪೇ’ ಇನ್ನೊಂದು. ಎರಡೂ ಸರಿ.

ಈಗ ಕಿವಿಗೊಟ್ಟು ಕೇಳಿ. ಎರಡನೆಯದರಲ್ಲಿ ಡಸ್ ಇದೆ, ಟು ಕೂಡ ಇದೆ. ಮೊದಲನೆಯದರಲ್ಲಿ ಡಸ್ ಇಲ್ಲ, ಟು ಕೂಡ ಇಲ್ಲ. ಡೂ, ಡಸ್, ಡಿಡ್ ಎಲ್ಲ ಒಂದೇ ಮನೆಯವು. ಅವು ಬಂದರೆ ಟು ಬರುತ್ತೆ, ಬರದಿದ್ದರೆ ಟು ಇಲ್ಲ. ಈ ಲೆಕ್ಕ ‘ಇಲ್ಲ’ ಅನ್ನುವಾಗ, ಪ್ರಶ್ನೆ ಕೇಳುವಾಗ ಮಾತ್ರ; ‘ಶೀ ನೀಡ್ಸ್ ಟು ಟೇಕ್’ ಥರದ ನೇರ ಮಾತಿಗೆ ಅಲ್ಲ. ‘ಶೀ ನೀಡ್ ನಾಟ್ ಟು ಪೇ’ ಅಂತ ಬೆಂಗಳೂರಿನ ತುಂಬ ಕೇಳುತ್ತೀನಿ. ಡಸ್ ಇಲ್ಲದೆ ಟು ಎಲ್ಲಿಂದ ಬಂತು? ‘ಶೀ ನೀಡ್ಸ್ ನಾಟ್’ ಅಂತಲೂ ಬೇಡ. ನಾಟ್ ಪಕ್ಕದಲ್ಲಿ ಬರೀ ನೀಡ್.

ಪ್ರಶ್ನೆಯಾಗಿ ಬದಲಿಸಿ ನೋಡೋಣ. ಡಸ್ ಇಲ್ಲದೆ ಕೇಳಿ... ‘ನೀಡ್ ಶೀ ಪೇ?’ ಡಸ್ ಹಾಕಿ ಕೇಳಿ... ‘ಡಸ್ ಶೀ ನೀಡ್ ಟು ಪೇ?’ ಎಸಿ ಇರುವ ವಜ್ರ ಬಸ್ಸಿನಲ್ಲಿ ಯೋಜನೆ ಇಲ್ಲ, ಅಲ್ವಾ? ಅಲ್ಲಿ ಉತ್ತರ: ‘ಯೆಸ್, ಶೀ ಡಸ್.’ ಆದರೆ ‘ನೀಡ್ ಶೀ ಪೇ’ ಅಂತ ಕೇಳಿದರೆ ‘ಯೆಸ್, ಶೀ ನೀಡ್’ ಅನ್ನಬೇಡಿ. ‘ಯೆಸ್, ಶೀ ಮಸ್ಟ್’ ಅನ್ನಿ.

ಇನ್ನು ಹ್ಯಾಡ್ ಬೆಟರ್. ಇಲ್ಲಿ ಡೂ ಯಾವತ್ತೂ ಬರಲ್ಲ, ಹಾಗಾಗಿ ಟು ಕೂಡ ಇಲ್ಲ. ನೀನು ಕೊಡೆ ತಗೊಳ್ಳೋದೇ ಒಳ್ಳೇದು: ‘ಯು ಹ್ಯಾಡ್ ಬೆಟರ್ ಟೇಕ್ ಆ್ಯನ್ ಅಂಬ್ರೆಲಾ.’ ಹ್ಯಾಡ್ ಅಂದಕೂಡಲೇ ಹೋದ ವರ್ಷದ ಮಾತು ಅಂದುಕೊಳ್ಳಬೇಡಿ, ಇದು ಈಗಿನ ಮಾತು, ಇಲ್ಲವೇ ಮುಂದಿನದು.

ಆದರೆ ಇದನ್ನು ಯಾರಿಗೆ ಹೇಳುತ್ತೀರಿ ಅನ್ನೋದು ಮುಖ್ಯ. ನನ್ನ ಸಂಜೆ ತರಗತಿಗೆ ಒಬ್ಬ ಹುಡುಗ ಬರುತ್ತಿದ್ದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ಬಲು ವಿನಯದ ಹುಡುಗ, ನನ್ನೆದುರು ಕೂರೋದಕ್ಕೂ ಹಿಂಜರಿಯುತ್ತಿದ್ದ. ಒಂದು ದಿನ ಮೂರು ಗಂಟೆಯೊಳಗೆ ಚೆಕ್ ಬ್ಯಾಂಕಿಗೆ ಹೋಗಬೇಕಿತ್ತು. ಮಾಲೀಕರ ಸಹಿ ಬಿದ್ದಿರಲಿಲ್ಲ. ‘ಸರ್, ಈಗಲೇ ಸೈನ್ ಮಾಡಿದ್ರೆ ಒಳ್ಳೇದು’ ಅನ್ನೋದು ಅವನ ಮನಸ್ಸಿನಲ್ಲಿದ್ದದ್ದು. ಫೋನಿನಲ್ಲಿ ಕಳಿಸಿದ್ದು ‘ಸರ್, ಯು ಹ್ಯಾಡ್ ಬೆಟರ್ ಸೈನ್ ಬಿಫೋರ್ ತ್ರೀ.’ ಎರಡೇ ನಿಮಿಷ, ಕರೆ ಬಂತು. ಮಾಲೀಕರು ಕೂಗಾಡಲಿಲ್ಲ, ಮೆಲ್ಲಗೆ ಕೇಳಿದರಂತೆ: ‘ಏನಪ್ಪಾ, ಸೈನ್ ಮಾಡದಿದ್ರೆ ಏನ್ ಮಾಡ್ತೀಯ?’ ಹುಡುಗನಿಗೆ ತಲೆಬುಡ ಗೊತ್ತಾಗಲಿಲ್ಲ. ವ್ಯಾಕರಣ ನೋಡಿದರೆ ವಾಕ್ಯ ಅಪ್ಪಟ ಸರಿ. ಡೂ ಇಲ್ಲ, ಟು ಇಲ್ಲ. ಆದರೆ ಹ್ಯಾಡ್ ಬೆಟರ್ ಹಿಂದೆ ಯಾವಾಗಲೂ ಒಂದು ‘ಇಲ್ಲಾಂದ್ರೆ’ ನಿಂತಿರುತ್ತೆ. ಕೊಡೆ ತಗೋ, ಇಲ್ಲಾಂದ್ರೆ ನೆನೀತೀಯ. ಸೈನ್ ಮಾಡಿ, ಇಲ್ಲಾಂದ್ರೆ ನೋಡಿ! ಮಗನಿಗೆ, ಗೆಳೆಯನಿಗೆ ಹೇಳಿ, ನಿಮಗೆ ನೀವೇ ಹೇಳಿಕೊಳ್ಳಿ. ಮಾಲೀಕರಿಗೆ ‘ಕುಡ್ ಯು ಪ್ಲೀಸ್ ಸೈನ್’ ಅನ್ನಿ. ಅಂದಹಾಗೆ, ಚೆಕ್ ಎರಡೂಮುಕ್ಕಾಲಿಗೆ ಬ್ಯಾಂಕು ಸೇರಿತು.

‘ಇಲ್ಲ’ ರೂಪದಲ್ಲಿ ನಾಟ್ ಎಲ್ಲಿ? ಬೆಟರ್ ಆದಮೇಲೆ. ಸಿಲ್ಕ್ ಬೋರ್ಡ್ ಕಡೆ ಹೋಗದಿರೋದೇ ವಾಸಿ: ‘ವೀ ಹ್ಯಾಡ್ ಬೆಟರ್ ನಾಟ್ ಗೋ ದಟ್ ವೇ.’ ಮೆಟ್ರೋದಲ್ಲಿ ಹೋಗೋದೇ ಒಳ್ಳೇದಲ್ವಾ ಅನ್ನುವ ಪ್ರಶ್ನೆಯಲ್ಲಿ ಹ್ಯಾಡ್ ಮುಂದಕ್ಕೆ, ನಾಟ್ ಅದಕ್ಕೇ ಅಂಟಿಕೊಳ್ಳುತ್ತೆ: ‘ಹ್ಯಾಡಂಟ್ ವೀ ಬೆಟರ್ ಟೇಕ್ ದ ಮೆಟ್ರೋ?’

ಸಮಯ ಓಡುತ್ತಿದೆ, ಡೇರ್ ಬೇಗ ಮುಗಿಸೋಣ. ಇದು ನೀಡ್‌ನ ತಮ್ಮ. ಬಾಡಿಗೆ ಕಡಿಮೆ ಮಾಡಿ ಅಂತ ಓನರ್‌ನ ಕೇಳೋ ಧೈರ್ಯ ಅವನಿಗಿಲ್ಲ. ಡಸ್ ಇಲ್ಲದೆ ಹೇಳಿ... ‘ಹೀ ಡೇರ್ ನಾಟ್ ಆಸ್ಕ್.’ ಡಸ್ ಹಾಕಿ... ‘ಹೀ ಡಸ್ ನಾಟ್ ಡೇರ್ ಟು ಆಸ್ಕ್.’ ಪ್ರಶ್ನೆ? ‘ಡೇರ್ ಹೀ ಆಸ್ಕ್?’ ‘ಡಸ್ ಹೀ ಡೇರ್ ಟು ಆಸ್ಕ್?’ ಮತ್ತೆ ಅದೇ: ಡೂ ಬಂದರೆ ಟು.

ಉಳಿದದ್ದು ಆಟ್ ಟು. ಇದೊಂದು ಮೊಂಡ. ಡೂ ಬರೋದೇ ಇಲ್ಲ, ಆದರೂ ಟು ಬಿಡೋದಿಲ್ಲ. ‘ಡಿಡ್ ನಾಟ್ ಆಟ್’ ಅಂತ ದಯವಿಟ್ಟು ಎಲ್ಲೂ ಹೇಳಬೇಡಿ. ಕೊನೆಯ ಅಭ್ಯಾಸ, ಜೋರಾಗಿ ಹೇಳಿ. ಅವಳು ಫೋನ್ ಮಾಡಬೇಕು, ಅದೇ ಸರಿ: ‘ಶೀ ಆಟ್ ಟು ಕಾಲ್.’ ಮಾಡೋದು ಸರಿಯಲ್ಲ: ‘ಶೀ ಆಟ್ ನಾಟ್ ಟು ಕಾಲ್.’ ಮಾಡಬೇಕಾ? ನೀವೇ ಹೇಳಿ... ಹೌದು, ‘ಆಟ್ ಶೀ ಟು ಕಾಲ್?’ ನಮಸ್ಕಾರ.