ಹಳೇ ಬಂಗ್ಲೆಯಲ್ಲಿ ವೆರಾಂಡಾ ಕದ್ದ ಬೆಳಕು

ಎಲ್ಲರಿಗೂ ನಮಸ್ಕಾರ. ಹಳೇ ಬಂಗ್ಲೆಯೊಳಗೆ ಕಾಲಿಟ್ಟವರು ಮೊದಲು ತಲೆ ಎತ್ತಿ ಮೇಲೆ ನೋಡುತ್ತಾರೆ, ಆಮೇಲೆ ‘ಅಬ್ಬಾ, ಎಷ್ಟು ಎತ್ತರ, ಅದಕ್ಕೇ ಇಷ್ಟು ತಂಪು’ ಅನ್ನುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಬರೀ ಎತ್ತರದಿಂದ ಮನೆ ತಂಪಾಗುವುದಿಲ್ಲ. ಹೊರಗಿನ ವೆರಾಂಡಾ ಮತ್ತು ಒಳಗಿನ ಎತ್ತರದ ಮಾಡು, ಇವೆರಡೂ ಜೋಡಿ. ಒಂದು ತಂದಿಟ್ಟ ತೊಂದರೆಯನ್ನು ಇನ್ನೊಂದು ಸರಿಮಾಡುತ್ತದೆ. ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆಯೇ.

ಈಗ ಸ್ಕ್ರೀನ್ ಮೇಲೆ ಇರುವುದು ಬೆಂಗಳೂರು ದಂಡು ಪ್ರದೇಶದ ಒಂದು ಹಳೇ ಮನೆ. ಮನೆಯವರು ಹೆಸರು, ವಿಳಾಸ ಹೇಳಬೇಡಿ ಅಂದಿದ್ದಾರೆ, ಸರಿ. ಕಂಟೋನ್ಮೆಂಟ್ ಶುರುವಾಗಿದ್ದು 1809ರಲ್ಲಿ. ಆಮೇಲಿನ ನೂರು ವರ್ಷದಲ್ಲಿ ಇಲ್ಲಿ ಇಂಥ ಮನೆಗಳು ಸಾಲು ಸಾಲಾಗಿ ಬಂದವು. ನಕ್ಷೆ ಹೆಚ್ಚು ಕಡಿಮೆ ಒಂದೇ. ದೊಡ್ಡ ಕಾಂಪೌಂಡ್, ನಡುವೆ ಒಂಟಿಯಾಗಿ ನಿಂತ ಮನೆ, ನೆಲದಿಂದ ಎರಡು ಮೂರು ಅಡಿ ಎತ್ತರದ ಪಾಯ. ಮಧ್ಯದಲ್ಲಿ ಹಾಲ್, ಅದರ ಎರಡೂ ಕಡೆ ಕೋಣೆಗಳು, ಅದರ ಹೊರಗೆ ವೆರಾಂಡಾ. ಅಡುಗೆಮನೆ ಬೇರೆ ಕಟ್ಟಡ, ಹಿತ್ತಲಲ್ಲಿ. ಹೊಗೆ, ಸೆಕೆ, ಬೆಂಕಿಯ ಭಯ ಎಲ್ಲವೂ ಮನೆಯಿಂದ ದೂರ.

ಈ ರೂಪ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿದ್ದಲ್ಲ. ಬಂಗಾಳದ ಹಳ್ಳಿಯ ಗುಡಿಸಲು, ಸುತ್ತ ಸೂರು ಇಳಿಬಿಟ್ಟ ಹುಲ್ಲಿನ ಮಾಡು, ಅದನ್ನೇ ಕಂಪನಿಯವರು ತಮಗೆ ಬೇಕಾದ ಹಾಗೆ ಹಿಗ್ಗಿಸಿಕೊಂಡರು. ನಮ್ಮ ತೊಟ್ಟಿ ಮನೆಗೆ ಇದು ತದ್ವಿರುದ್ಧ. ತೊಟ್ಟಿ ಮನೆ ಬೀದಿಗೆ ಬೆನ್ನು ಹಾಕಿ ನಡುವಿನ ಅಂಗಳಕ್ಕೆ ತೆರೆದುಕೊಳ್ಳುತ್ತದೆ, ಗಾಳಿ ಬೆಳಕು ಎರಡೂ ಅಲ್ಲಿಂದಲೇ. ಬಂಗ್ಲೆಗೆ ಅಂಗಳವಿಲ್ಲ, ಅದು ಹೊರಗೆ ಮುಖ ಮಾಡಿ ಕೂತಿರುತ್ತದೆ. ಹಾಗಾಗಿ ಬಿಸಿಲು ಮಳೆ ಎರಡನ್ನೂ ಹೊರಗೋಡೆಯೇ ಎದುರಿಸಬೇಕು. ಅದಕ್ಕೇ ವೆರಾಂಡಾ.

ಸರಿ, ಪಶ್ಚಿಮದ ವೆರಾಂಡಾಕ್ಕೆ ಬನ್ನಿ. ಅಗಲ ಎಂಟು ಅಡಿ, ಸೂರಿನ ಅಂಚು ನೆಲದಿಂದ ಎಂಟು ಅಡಿ ಮೇಲೆ. ಮಾರ್ಚ್ 21ರ ಆಸುಪಾಸು, ಸೂರ್ಯ ಸರಿಯಾಗಿ ಪಶ್ಚಿಮಕ್ಕೆ ಇಳಿಯುವ ದಿನಗಳು. ವೆರಾಂಡಾ ಇಲ್ಲದಿದ್ದರೆ ಈ ಗೋಡೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದಲೇ ಬಿಸಿಲು. ಇಲ್ಲಿ ಹಾಗಲ್ಲ. ಅಗಲ ಮತ್ತು ಎತ್ತರ ಒಂದೇ ಇರುವುದರಿಂದ ಸೂರ್ಯ 45 ಡಿಗ್ರಿಗಿಂತ ಕೆಳಗಿಳಿಯುವವರೆಗೂ ಕಿರಣ ಗೋಡೆಯನ್ನು ಮುಟ್ಟುವುದೇ ಇಲ್ಲ. ಬೆಂಗಳೂರಿನ ಗಡಿಯಾರದಲ್ಲಿ ಅದು ಮೂರೂವರೆಗೆ ಹತ್ತಿರ. ಗೋಡೆ ಮೇಲೆ ಸೀಮೆಸುಣ್ಣದ ಗೆರೆ ಕಾಣುತ್ತಿದೆಯಲ್ಲ, ನಾಲ್ಕೂವರೆಗೆ ಬಿಸಿಲು ನೆಲದಿಂದ ಮೂರೂವರೆ ಅಡಿಗೆ ಏರಿದೆ. ಐದೂವರೆಗೆ ಹೆಚ್ಚು ಕಡಿಮೆ ಆರು ಅಡಿ. ಅಂದರೆ ವೆರಾಂಡಾ ಮೂರು ಗಂಟೆ ಕಾಲದ ಬಿಸಿಲನ್ನು ತಡೆದಿದೆ, ಕೊನೆಯ ಮೂರು ಗಂಟೆಯದನ್ನು ಪೂರ್ತಿ ತಡೆಯಲಾಗಿಲ್ಲ.

ಆ ಕೊನೆಯ ಮೂರು ಗಂಟೆಗೇ ಮರದ ಜಾಲರಿ, ಬಿದಿರಿನ ಪರದೆ. ಕೆಳಗೆ ಬಂದ ಸೂರ್ಯನನ್ನು ಸೂರಿನಿಂದ ತಡೆಯಬೇಕು ಅಂದರೆ ಒಂದೋ ವೆರಾಂಡಾ ಇಪ್ಪತ್ತು ಅಡಿ ಅಗಲ ಇರಬೇಕು, ಇಲ್ಲ ಸೂರನ್ನು ತಲೆಗೆ ತಾಗುವಷ್ಟು ಇಳಿಸಬೇಕು. ಪರದೆ ಇಳಿಬಿಡುವುದು ಅದಕ್ಕಿಂತ ಸುಲಭ, ಸಂಜೆ ಸುತ್ತಿ ಮೇಲೆ ಕಟ್ಟಿದರೆ ಗಾಳಿಯೂ ಬರುತ್ತದೆ. ಜಾಲರಿಯನ್ನು ಜನ ಅಲಂಕಾರ ಅಂದುಕೊಳ್ಳುತ್ತಾರೆ. ಅದು ಪಶ್ಚಿಮಕ್ಕೋ ಪೂರ್ವಕ್ಕೋ ಇದ್ದರೆ ಕೆಲಸ ಮಾಡುತ್ತಿದೆ ಅಂತಲೇ ತಿಳಿಯಿರಿ.

ದಕ್ಷಿಣದ ಕಡೆ ಲೆಕ್ಕ ಬೇರೆ. ಡಿಸೆಂಬರ್ ಕೊನೆಯಲ್ಲಿ ನಡು ಮಧ್ಯಾಹ್ನ ಸೂರ್ಯ ಇಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಇದೇ ಅಳತೆಯ ವೆರಾಂಡಾದಲ್ಲಿ ಬಿಸಿಲು ನೆಲದ ಮೇಲೆ ಆರು ಅಡಿ ಒಳಗೆ ಬಂದು, ಗೋಡೆಗೆ ಇನ್ನೆರಡು ಅಡಿ ಇರುವಾಗ ನಿಂತುಬಿಡುತ್ತದೆ. ಚಳಿಗೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸಬಹುದು, ಗೋಡೆ ಮಾತ್ರ ಕಾಯುವುದಿಲ್ಲ. ಇನ್ನು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ಬೆಂಗಳೂರಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಉತ್ತರದ ಗೋಡೆಗೂ ಸೂರು ಬೇಕು ಅನ್ನುವುದು ಅದಕ್ಕೆ. ಇಂಗ್ಲೆಂಡಿನಲ್ಲಿ ಮನೆ ಕಟ್ಟಿದವನಿಗೆ ಇದು ಹೊಳೆಯುವ ಮಾತೇ ಅಲ್ಲ.

ಮಳೆಯ ವಿಷಯ ಮರೆಯಬೇಡಿ. ಮಳೆಗಾಲದ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತರೆ ಉಸಿರುಕಟ್ಟುತ್ತದೆ ಅಲ್ವಾ? ವೆರಾಂಡಾ ಇದ್ದರೆ ಜೋರು ಮಳೆಯಲ್ಲೂ ಕೋಣೆಯ ಬಾಗಿಲು ಕಿಟಕಿ ತೆರೆದಿಡಬಹುದು. ನನ್ನ ಲೆಕ್ಕದಲ್ಲಿ ನೆರಳಿನಷ್ಟೇ ದೊಡ್ಡ ಉಪಯೋಗ ಇದು. ವೆರಾಂಡಾ ಇಲ್ಲದ ಕಡೆ ಕಿಟಕಿಗೆ ಒಂದು ಚೂಪು ಟೋಪಿ ಇರುತ್ತದೆ, ಮುಂದಕ್ಕೆ ಚಾಚಿ, ಕೆಳಗೆ ಮರದ ಪಟ್ಟಿಗಳನ್ನು ಇಳಿಬಿಟ್ಟಿದ್ದು. ಬೆಂಗಳೂರಿನವರು ಮಂಕಿ ಟಾಪ್ ಅನ್ನುವುದು ಇದನ್ನೇ. ಒಂದು ಕಿಟಕಿಗೆ ಸಾಲುವಷ್ಟು ವೆರಾಂಡಾ ಅದು.

ಈಗ ತೊಂದರೆಗೆ ಬರೋಣ. ಸುತ್ತ ವೆರಾಂಡಾ, ಅದರ ಒಳಗೆ ಕೋಣೆಗಳು, ಅದರ ಒಳಗೆ ಹಾಲ್. ಹಾಲಿಗೆ ಹೊರಗೋಡೆಯೇ ಇಲ್ಲ. ಬಿಸಿಲನ್ನು ತಡೆದ ಸೂರು ಬೆಳಕನ್ನೂ ತಡೆಯಿತು. ಹಗಲು ಹೊತ್ತಲ್ಲಿ ದೀಪ ಹಚ್ಚಬೇಕಾದ ಗುಹೆ ಅದು. ಬಿಡಿಸುವ ದಾರಿ ಒಂದೇ. ಹಾಲಿನ ಗೋಡೆಯನ್ನು ಮಾತ್ರ ಮೇಲಕ್ಕೆ ಎತ್ತಿ, ಪಕ್ಕದ ಕೋಣೆಗಳ ಮಾಡಿಗಿಂತ ಎತ್ತರಕ್ಕೆ ಒಯ್ದು, ಆ ಹೆಚ್ಚುವರಿ ಗೋಡೆಯಲ್ಲಿ ಸಾಲಾಗಿ ಸಣ್ಣ ಕಿಟಕಿ ಇಡುವುದು. ಈ ಮನೆಯಲ್ಲಿ ವೆರಾಂಡಾದ ಅಂಚು ಎಂಟು ಅಡಿ, ಕೋಣೆಗಳು ಹದಿನಾಲ್ಕು, ಹಾಲ್ ಇಪ್ಪತ್ತು. ಹೊರಗಿನಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮಾಡು. ಎತ್ತರದ ಹಾಲ್ ಬರೀ ಠೀವಿಗೆ ಅಂತ ಅನ್ನಿಸಿದ್ದರೆ, ಆ ಆರು ಅಡಿಯ ಗೋಡೆ ನೋಡಿ, ಬೆಳಕೆಲ್ಲ ಅಲ್ಲಿಂದಲೇ ಬರುತ್ತಿದೆ.

ಆ ಮೇಲಿನ ಕಿಟಕಿಗಳಿಂದ ಗಾಳಿಯೂ ಓಡಾಡುತ್ತದೆ. ನಡುವಿನ ಕೀಲಿನ ಮೇಲೆ ತಿರುಗುವ ಗಾಜಿನ ಪಡಿ, ಅದಕ್ಕೆ ಹಗ್ಗ, ಹಗ್ಗ ಕಟ್ಟಲು ಕೆಳಗೆ ಗೋಡೆಯಲ್ಲಿ ಹಿತ್ತಾಳೆ ಕೊಕ್ಕೆ. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ, ಅಲ್ಲಿಂದ ಹೊರಗೆ, ಕೆಳಗಿನಿಂದ ತಣ್ಣನೆ ಗಾಳಿ ಒಳಗೆ. ಇಷ್ಟು ಎಲ್ಲರಿಗೂ ಗೊತ್ತು. ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಈ ಓಟ ನಡೆಯಬೇಕಾದರೆ ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ ಇರಬೇಕು. ಎರಡು ಅಡಿ ದಪ್ಪದ ಗೋಡೆಯ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಹಾಗಿರುವುದಿಲ್ಲ, ಒಳಗೇ ತಂಪು, ಹೊರಗೇ ಬಿಸಿ. ಆಗ ಎಲ್ಲ ತೆರೆದಿಟ್ಟರೆ ಗಾಳಿ ಉಲ್ಟಾ ಓಡುತ್ತದೆ. ತಂಪು ಗಾಳಿ ಭಾರ, ಅದು ಕೆಳಗಿನ ಬಾಗಿಲಿನಿಂದ ಜಾರಿಕೊಂಡು ಹೋಗುತ್ತದೆ, ಮೇಲಿನ ಕಿಟಕಿಯಿಂದ ಬಿಸಿ ಗಾಳಿ ಇಳಿಯುತ್ತದೆ. ಹಾಗಾಗಿ ಬಿರುಬೇಸಿಗೆಯಲ್ಲಿ ಬೆಳಗ್ಗೆಯೇ ಮನೆ ಮುಚ್ಚಿ ಸಂಜೆ ತೆರೆಯುತ್ತಿದ್ದರು. ರಾತ್ರಿಯಿಡೀ ಗಾಳಿ ಆಡಿ ಗೋಡೆ ತಣಿಯಬೇಕು, ಮಾರನೇ ಹಗಲಿಗೆ ಆ ತಂಪೇ ಬಂಡವಾಳ.

ಎತ್ತರದ ಲಾಭಕ್ಕೂ ಮಿತಿ ಇದೆ. ಎತ್ತರ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಅಷ್ಟೇ. ಮೇಲೆ ಕಿಂಡಿ ಇಲ್ಲದ ಎತ್ತರವಂತೂ ಬಿಸಿ ಗಾಳಿಯ ಉಗ್ರಾಣ. ಕಾದ ಮಾಡು ತಲೆಯಿಂದ ದೂರ ಇರುತ್ತದೆ ನಿಜ, ಆದರೆ ಅದು ಸೂಸುವ ಶಾಖ ಕೆಳಗೆ ಬಂದೇ ಬರುತ್ತದೆ.

ಅದಕ್ಕೇ ಮಾಡು ಯಾವುದರದ್ದು ಅನ್ನುವುದು ಮುಖ್ಯ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಹುಲ್ಲಿನ ಮಾಡುಗಳು ಹಿಂದೆ ಸರಿದವು. ಹೆಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ, ಸಂದಿಗಳಲ್ಲಿ ಗಾಳಿ ನುಸುಳುತ್ತದೆ. ಮಧ್ಯಾಹ್ನದ ಕಾವನ್ನು ತಡೆಯಲು ಕೆಳಗೆ ಮರದ ಹಲಗೆಯೋ ಸುಣ್ಣ ಬಳಿದ ಬಟ್ಟೆಯೋ ಕಟ್ಟುತ್ತಿದ್ದರು. ಆ ಬಟ್ಟೆಯ ಮೇಲೆ ರಾತ್ರಿ ಇಲಿಗಳ ಓಟ, ಅದು ಬೇರೆ ಕಥೆ. ಮದ್ರಾಸ್ ತಾರಸಿ ಇದಕ್ಕೆ ಪೂರ್ತಿ ವಿರುದ್ಧ. ತೇಗದ ತೊಲೆಯ ಮೇಲೆ ಸಣ್ಣ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟ್. ಇದು ನಿಧಾನಕ್ಕೆ ಕಾದು, ಸೂರ್ಯ ಮುಳುಗಿದ ಮೇಲೆ ಶಾಖವನ್ನು ಒಳಗೆ ಬಿಡುತ್ತದೆ. ಅಂಥ ಮನೆಯಲ್ಲಿ ಸೆಕೆಗಾಲದ ರಾತ್ರಿ ಮಂಚ ವೆರಾಂಡಾಕ್ಕೋ ತಾರಸಿಗೋ ಬರುತ್ತಿತ್ತು.

ಇದೆಲ್ಲ ತಾನಾಗಿಯೇ ನಡೆಯುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ಇಡೀ ಮಧ್ಯಾಹ್ನ ನೀರೆರಚಲು ಒಬ್ಬ. ಹಾಲಿನ ಮಾಡಿನಿಂದ ತೂಗುಬಿಟ್ಟ ಪಂಖದ ಹಗ್ಗ ಎಳೆಯಲು ಇನ್ನೊಬ್ಬ, ಅವನು ಕೂರುತ್ತಿದ್ದುದು ಹೊರಗೆ ವೆರಾಂಡಾದಲ್ಲಿ, ಹಗ್ಗ ಗೋಡೆಯ ತೂತಿನಿಂದ ಒಳಗೆ. ದೊರೆಯ ತಂಪಿಗೆ ಆಳಿನ ತೋಳು. ತಟ್ಟಿಯೂ ಒಣ ಹವೆಯಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ಬಳ್ಳಾರಿ, ಕಲಬುರಗಿ ಕಡೆ ಸರಿ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ನೀರು ಆರುವುದೇ ಇಲ್ಲ. ಕರಾವಳಿಯಲ್ಲಿ ಮನೆ ಮುಚ್ಚಿಟ್ಟರೂ ಪ್ರಯೋಜನವಿಲ್ಲ, ಹಗಲು ರಾತ್ರಿ ಅಷ್ಟು ವ್ಯತ್ಯಾಸ ಇರುವುದಿಲ್ಲ. ಅಲ್ಲಿ ಸೂರು ಚಾಚಿ, ಎಲ್ಲ ತೆರೆದು, ಗಾಳಿ ಆಡಲು ಬಿಡುವುದೇ ದಾರಿ.

ನೀವು ಇಂಥ ಮನೆಯಲ್ಲಿ ಇದ್ದು, ಹಾಲ್ ಕತ್ತಲೆ, ಸೆಕೆ ಅಂತ ಅನ್ನಿಸುತ್ತಿದ್ದರೆ ಎರಡು ಕಡೆ ನೋಡಿ. ಮೊದಲು ಮೇಲಿನ ಕಿಟಕಿ. ಹಗ್ಗ ಕಿತ್ತು ಹೋದ ಮೇಲೆ ಪಡಿ ಬಣ್ಣದಲ್ಲಿ ಅಂಟಿಕೊಂಡಿರುತ್ತದೆ, ಇಲ್ಲವೇ ಫಾಲ್ಸ್ ಸೀಲಿಂಗ್ ಹಾಕಿ ಅದನ್ನೇ ಮರೆಮಾಡಿರುತ್ತಾರೆ. ಗೋಡೆಯಲ್ಲಿ ಖಾಲಿ ಹಿತ್ತಾಳೆ ಕೊಕ್ಕೆ ಇದೆಯಾ ಅಂತ ಹುಡುಕಿ, ಇದ್ದರೆ ಅದರ ನೇರಕ್ಕೆ ಮೇಲೆ ಒಂದು ಕಿಟಕಿ ಇದ್ದೇ ಇರುತ್ತದೆ. ಆಮೇಲೆ ವೆರಾಂಡಾ. ಅದಕ್ಕೆ ಗಾಜು ಹಾಕಿ ಕೋಣೆ ಮಾಡಿದ್ದರೆ, ಸಂಜೆ ಬಿಸಿಲು ಗಾಜಿನೊಳಗೆ ಬಂದು ಅಲ್ಲೇ ಉಳಿದು, ಒಳಗೋಡೆಯನ್ನು ಕಾಯಿಸುತ್ತಿರುತ್ತದೆ. ಗಾಜು ತೆಗೆಯಲು ಆಗದಿದ್ದರೆ ಪರದೆಯನ್ನು ಗಾಜಿನ ಹೊರಗೆ ಕಟ್ಟಿ. ಒಳಗೆ ಕಟ್ಟಿದರೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ.