17 ರೂಪಾಯಿ 70 ಪೈಸೆಯ ಲೆಕ್ಕ

ಕೇಳುಗ ಬಂಧುಗಳಿಗೆ ನಮಸ್ಕಾರ.

ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದಾಗ ಅದರಲ್ಲಿ 17 ರೂಪಾಯಿ 70 ಪೈಸೆ, 29 ರೂಪಾಯಿ 50 ಪೈಸೆ, 147 ರೂಪಾಯಿ 50 ಪೈಸೆ, ಹೀಗೆ ಚಿಲ್ಲರೆ ಮೊತ್ತಗಳು ಕಳೆದಿರುವುದನ್ನು ನೀವು ನೋಡಿರಬಹುದು. ನೀವು ತೆಗೆದದ್ದಲ್ಲ, ಯಾರಿಗೂ ಕೊಟ್ಟದ್ದೂ ಅಲ್ಲ. ಪಕ್ಕದಲ್ಲಿ ಇಂಗ್ಲಿಷಿನ ಮೂರು ನಾಲ್ಕು ಅಕ್ಷರ, ಅಷ್ಟೇ. ಬ್ಯಾಂಕಿನ ಕೌಂಟರಿನಲ್ಲಿ ಬಹಳ ಕಾಲ ಕೆಲಸ ಮಾಡಿದವನು ನಾನು. ಈ ಮೊತ್ತಗಳನ್ನು ಬಿಡಿಸಿ ಓದುವುದು ಹೇಗೆ ಅಂತ ಇವತ್ತು ಒಂದೇ ಒಂದು ಖಾತೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಆ ಪೈಸೆಗಳ ವಿಚಾರ. ಬ್ಯಾಂಕು ಯಾವ ಶುಲ್ಕ ಹಾಕಿದರೂ ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಸೇರುತ್ತದೆ. 2017ರ ಜುಲೈ 1ರಿಂದ ಇದು ನಡೆದುಬಂದಿದೆ. ಹಾಗಾಗಿ ಶುಲ್ಕ 15 ರೂಪಾಯಿ ಇದ್ದರೆ ತೆರಿಗೆ 2 ರೂಪಾಯಿ 70 ಪೈಸೆ, ಒಟ್ಟು 17 ರೂಪಾಯಿ 70 ಪೈಸೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಒಟ್ಟು ಮೊತ್ತ. ಮೂಲ ಶುಲ್ಕ ತಿಳಿಯಬೇಕಾದರೆ ಒಟ್ಟು ಮೊತ್ತವನ್ನು 118ರಿಂದ ಭಾಗಿಸಿ 100ರಿಂದ ಗುಣಿಸಿ. 147 ರೂಪಾಯಿ 50 ಪೈಸೆಗೆ ಹೀಗೆ ಮಾಡಿದರೆ ಸರಿಯಾಗಿ 125 ಬರುತ್ತದೆ. ಹೀಗೆ ಪೂರ್ಣ ಸಂಖ್ಯೆ ಬಂದರೆ ಅದು ಬ್ಯಾಂಕಿನ ಶುಲ್ಕವೇ ಇರಬೇಕು ಎಂದು ಅಂದಾಜು ಮಾಡಬಹುದು. 20 ರೂಪಾಯಿ, 436 ರೂಪಾಯಿ ಕಡಿತವಾಗಿದ್ದರೆ ಲೆಕ್ಕ ಹೀಗೆ ಕೂಡುವುದಿಲ್ಲ. ಅವು ಸಾಮಾನ್ಯವಾಗಿ ಪ್ರಧಾನಮಂತ್ರಿ ಹೆಸರಿನ ಅಪಘಾತ ವಿಮೆ ಮತ್ತು ಜೀವ ವಿಮೆಯ ಕಂತುಗಳು. ವಿಮೆ ಬೇಕಿದ್ದರೆ ಅವನ್ನು ನಿಲ್ಲಿಸಬೇಡಿ.

ಕೆಲವು ಬ್ಯಾಂಕುಗಳು ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸುತ್ತವೆ, ಅದನ್ನೂ ಕೇಂದ್ರದ್ದು 1 ರೂಪಾಯಿ 35, ರಾಜ್ಯದ್ದು 1 ರೂಪಾಯಿ 35 ಎಂದು ಒಡೆದು. ಆಗ ಒಂದೇ ಶುಲ್ಕ ಮೂರು ಸಾಲಾಗಿ ಕಂಡು, ಮೂರು ಸಲ ಹಣ ಹೋಯಿತು ಅಂತ ಜನ ಗಾಬರಿಯಾಗುತ್ತಾರೆ.

ಈಗ ಆ ಖಾತೆಗೆ ಬರೋಣ. ಅರಸೀಕೆರೆ ಕಡೆಯ ಯಜಮಾನರೊಬ್ಬರು, ಕೊಬ್ಬರಿ ಬೆಳೆಗಾರರು. ಕೊಬ್ಬರಿ ದುಡ್ಡು ಬಂದು ಬೀಳಲಿ ಅಂತಲೇ ಇಟ್ಟುಕೊಂಡ ಉಳಿತಾಯ ಖಾತೆ. ತಿಂಗಳ ಸರಾಸರಿ 1,000 ರೂಪಾಯಿ ಇರಬೇಕೆಂಬುದು ಆ ಖಾತೆಯ ಷರತ್ತು. ಅದು ಅವರಿಗೂ ಗೊತ್ತು. ಅದಕ್ಕೇ ಹಣವೆಲ್ಲ ತೆಗೆದು, 50 ರೂಪಾಯಿ ಹೆಚ್ಚೇ ಇರಲಿ ಅಂತ 1,050 ಬಿಟ್ಟಿದ್ದರು. ಆಮೇಲೆ ಖಾತೆಯನ್ನು ಮುಟ್ಟಿಲ್ಲ. ನವೆಂಬರಿನಲ್ಲಿ ಎಂಟ್ರಿ ಹಾಕಿಸಿದಾಗ ಉಳಿದದ್ದು 802 ರೂಪಾಯಿ 30 ಪೈಸೆ.

ಆಗಸ್ಟ್ 10ಕ್ಕೆ ಎ, ಎಂ, ಸಿ ಎಂಬ ಮೂರಕ್ಷರದ ಮುಂದೆ 147 ರೂಪಾಯಿ 50 ಪೈಸೆ ಹೋಗಿತ್ತು. ಅದು ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ. ಕಾರ್ಡನ್ನು ಬಳಸಲಿ ಬಿಡಲಿ, ಅದು ಚಾಲ್ತಿಯಲ್ಲಿರುವವರೆಗೆ ಈ ಶುಲ್ಕ ಬೀಳುತ್ತದೆ. ಉಳಿದದ್ದು 902 ರೂಪಾಯಿ 50 ಪೈಸೆ. ತೊಂದರೆ ಹುಟ್ಟಿದ್ದೇ ಇಲ್ಲಿ.

ಸರಾಸರಿ ತೆಗೆಯುವುದು ಹೀಗೆ: ಪ್ರತಿ ದಿನದ ಕೊನೆಯಲ್ಲಿ ಖಾತೆಯಲ್ಲಿ ಎಷ್ಟಿತ್ತೋ ಅದನ್ನೆಲ್ಲ ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಆಗಸ್ಟಿನಲ್ಲಿ 9 ದಿನ 1,050 ಇತ್ತು, ಅದು 9,450 ಆಯಿತು. ಉಳಿದ 22 ದಿನ 902 ರೂಪಾಯಿ 50 ಪೈಸೆಯಂತೆ 19,855. ಎರಡನ್ನೂ ಕೂಡಿಸಿ 31ರಿಂದ ಭಾಗಿಸಿದರೆ 945 ರೂಪಾಯಿ ಚಿಲ್ಲರೆ. ಅಂದರೆ ಸುಮಾರು 55 ರೂಪಾಯಿ ಕೊರತೆ. ಅವರ ಬ್ಯಾಂಕಿನ ಶುಲ್ಕಪಟ್ಟಿಯಲ್ಲಿ ಕೊರತೆ ಅರ್ಧದೊಳಗಿದ್ದರೆ 25 ರೂಪಾಯಿ ದಂಡ, ತೆರಿಗೆ ಸೇರಿ 29 ರೂಪಾಯಿ 50 ಪೈಸೆ. ಸೆಪ್ಟೆಂಬರಿನ ಮೊದಲ ವಾರ ಅದು ಹೋಯಿತು. ಹೋದದ್ದರಿಂದ ಬ್ಯಾಲೆನ್ಸ್ ಇನ್ನೂ ಇಳಿಯಿತು, ಆದ್ದರಿಂದ ಅಕ್ಟೋಬರಿನಲ್ಲಿ ಮತ್ತೆ ದಂಡ, ನವೆಂಬರಿನಲ್ಲೂ ದಂಡ. ನಡುವೆ ಸೆಪ್ಟೆಂಬರ್ ಕೊನೆಗೆ ಮೂರು ತಿಂಗಳ ಎಸ್ಸೆಮ್ಮೆಸ್ ಶುಲ್ಕ 17 ರೂಪಾಯಿ 70 ಪೈಸೆ. ಎಲ್ಲ ಸೇರಿ 253 ರೂಪಾಯಿ 70 ಪೈಸೆ ಹೋಗಿತ್ತು, ಬಡ್ಡಿ ಅಂತ ಬಂದದ್ದು 6 ರೂಪಾಯಿ.

ಯಜಮಾನರು ಷರತ್ತನ್ನು ಮುರಿದಿರಲಿಲ್ಲ. ಬ್ಯಾಂಕು ತನ್ನದೇ ಶುಲ್ಕವನ್ನು ಎತ್ತಿಕೊಂಡದ್ದರಿಂದ ಬ್ಯಾಲೆನ್ಸ್ ಇಳಿಯಿತು, ಇಳಿದದ್ದಕ್ಕೆ ಅವರೇ ದಂಡ ಕಟ್ಟಬೇಕಾಯಿತು. ಇದು ನನಗೆ ಸರಿ ಕಾಣುವುದಿಲ್ಲ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಹಣ ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆಗೆ ಜಾಗವಿಲ್ಲ.

ಹಾಗಂತ ಸುಮ್ಮನಿರಬೇಕಿಲ್ಲ. ಮಿನಿಮಮ್ ಬ್ಯಾಲೆನ್ಸ್ ದಂಡದ ಬಗ್ಗೆ ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು, 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ, ಬ್ಯಾಲೆನ್ಸ್ ಕಡಿಮೆಯಾದ ಕೂಡಲೇ ದಂಡ ಹಾಕುವಂತಿಲ್ಲ. ಮೊದಲು ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಡಬೇಕು. ಎಷ್ಟು ಕೊರತೆಯೋ ದಂಡ ಅದಕ್ಕೆ ತಕ್ಕಷ್ಟಿರಬೇಕು. ದಂಡ ಹಾಕಿ ಹಾಕಿ ಖಾತೆಯನ್ನು ಸೊನ್ನೆಗಿಂತ ಕೆಳಗೆ ತಳ್ಳುವಂತಿಲ್ಲ.

ಯಜಮಾನರ ಮೊಬೈಲ್ ತೆಗೆದು ನೋಡಿದೆವು. ಹಣ ಕಡಿತವಾಗಿದೆ ಎಂಬ ಸಂದೇಶಗಳಿದ್ದವು. ಬ್ಯಾಲೆನ್ಸ್ ಕಡಿಮೆ ಇದೆ, ತುಂಬಿ ಎಂಬ ಮುನ್ಸೂಚನೆ ಒಂದೂ ಇರಲಿಲ್ಲ. ಅವೆರಡೂ ಬೇರೆ ಬೇರೆ. ಕಳೆದ ಮೇಲೆ ಬರುವ ಸಂದೇಶವನ್ನು ನೋಟಿಸ್ ಅನ್ನುವುದಕ್ಕಾಗುವುದಿಲ್ಲ. ಒಂದು ಹಾಳೆಯಲ್ಲಿ ಖಾತೆ ಸಂಖ್ಯೆ, ಕಡಿತದ ಮೂರು ದಿನಾಂಕ ಮತ್ತು ಮೊತ್ತ ಬರೆದು, ‘ಈ ದಂಡಕ್ಕೆ ಮುಂಚೆ ನನಗೆ ನೋಟಿಸ್ ಕಳಿಸಿದ ದಿನಾಂಕ ತಿಳಿಸಿ, ಕಳಿಸಿಲ್ಲದಿದ್ದರೆ ತೆರಿಗೆ ಸಮೇತ ವಾಪಸ್ ಜಮಾ ಮಾಡಿ’ ಎಂದು ಕೇಳಿದರು. ಅದರ ಜೆರಾಕ್ಸಿನ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಂಡರು. ಬಾಯಲ್ಲಿ ಕೇಳಿದರೆ ‘ಅದು ಸಿಸ್ಟಮ್ಮೇ ಹಾಕೋದು ಸ್ವಾಮಿ’ ಅನ್ನುವ ಉತ್ತರ ಸಿಗುತ್ತದೆ, ಬರೆದು ಕೊಟ್ಟರೆ ಯಾರಾದರೂ ದಾಖಲೆ ತೆಗೆದು ನೋಡಲೇಬೇಕು. ‘ತೆರಿಗೆ ಸಮೇತ’ ಎಂದು ಬರೆಯದಿದ್ದರೆ ಬರೀ 75 ರೂಪಾಯಿ ಹಿಂದಿರುಗಿಸಿ, ಅದರ ಮೇಲಿನ 13 ರೂಪಾಯಿ 50 ಪೈಸೆ ಅಲ್ಲೇ ಉಳಿಯುವುದುಂಟು. ಶುಲ್ಕ ರದ್ದಾದರೆ ಅದರ ಮೇಲಿನ ತೆರಿಗೆಯೂ ಹಿಂದೆ ಬರಬೇಕು.

ಅವರಿಗೆ 88 ರೂಪಾಯಿ 50 ಪೈಸೆ ವಾಪಸ್ ಬಂತು. ಕಾರ್ಡಿನ ಶುಲ್ಕ ಬರಲಿಲ್ಲ, ಅದು ಶುಲ್ಕಪಟ್ಟಿಯಲ್ಲಿ ಇದ್ದದ್ದೇ. ಎಟಿಎಂ ಕಡೆ ಹೋಗುವವರೇ ಅಲ್ಲವಾದ್ದರಿಂದ ಕಾರ್ಡನ್ನು ಶಾಖೆಗೆ ಕೊಟ್ಟು ರದ್ದು ಮಾಡಿಸಿದರು. ಎಸ್ಸೆಮ್ಮೆಸ್ ಶುಲ್ಕದ ಬಗ್ಗೆಯೂ ಒಂದು ಮಾತು: ಎಷ್ಟು ಸಂದೇಶ ಬಂದಿದೆಯೋ ಅಷ್ಟಕ್ಕೇ ಹಣ ತೆಗೆದುಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ಮೂರು ತಿಂಗಳಲ್ಲಿ ಎರಡೇ ಸಂದೇಶ ಬಂದು, ಪೂರ್ತಿ 15 ರೂಪಾಯಿ ಹೋಗಿದ್ದರೆ ಅದನ್ನೂ ಅದೇ ಹಾಳೆಯಲ್ಲಿ ಕೇಳಿ.

ಎಲ್ಲ ಬ್ಯಾಂಕಿನಲ್ಲೂ ಈ ದಂಡ ಇಲ್ಲ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನಿನಿಂದ ಉಳಿತಾಯ ಖಾತೆಗೆ ಇದನ್ನು ಕೈಬಿಟ್ಟಿವೆ. ಬಿಡದ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದ್ದರೆ ಅದನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಿಕೊಡಿ ಎಂದು ಕೇಳಬಹುದು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಕಾರ್ಡಿಗೆ ವಾರ್ಷಿಕ ಶುಲ್ಕವೂ ಇಲ್ಲ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ.

ಬರೆದು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ದೂರಿನ ಜೊತೆ ಸೀಲು ಹಾಕಿಸಿಕೊಂಡ ಆ ಜೆರಾಕ್ಸ್ ಪ್ರತಿಯನ್ನು ಲಗತ್ತಿಸಿ.