ದುಡ್ಡು ವಾಪಸ್ ಬಂತು, ಸರಿ. ಆಮೇಲೆ?

ಎಲ್ಲರಿಗೂ ನಮಸ್ಕಾರ. ಸಂಘದ ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದ ವಿಷಯ ಜಿಎಸ್‌ಟಿ. ನಾನೇ ಬೇಡ ಅಂದೆ. ಇತ್ತೀಚೆಗೆ ನಿಮ್ಮಲ್ಲಿ ಎಷ್ಟೋ ಜನ ನನ್ನ ಆಫೀಸಿಗೆ ಒಂದೇ ಥರದ ಕೊಟೇಶನ್ ಹಿಡಿದುಕೊಂಡು ಬರುತ್ತಿದ್ದೀರಿ. ಶೆಡ್ಡಿನ ಮೇಲೆ 20 ಕಿಲೋವ್ಯಾಟ್ ಸೋಲಾರ್, ಖರ್ಚು 10 ಲಕ್ಷ. ಕೆಳಗೆ ಕೆಂಪು ಅಕ್ಷರದಲ್ಲಿ: ಪೇಬ್ಯಾಕ್ 5 ವರ್ಷ. ಉಳಿದ ಪುಟಗಳನ್ನು ಯಾರೂ ಓದಿರುವುದಿಲ್ಲ. ಆ ಕೆಂಪು ಸಾಲಿನ ಬಗ್ಗೆಯೇ ಇವತ್ತು ಮಾತಾಡೋಣ.

ಮೊದಲು ಆ 5 ಎಲ್ಲಿಂದ ಬಂತು ನೋಡಿ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 1,400 ಯೂನಿಟ್ ಸಿಗುತ್ತದೆ. 20 ಕಿಲೋವ್ಯಾಟ್‌ಗೆ 28,000 ಯೂನಿಟ್. ಯೂನಿಟ್‌ಗೆ ಏಳೂವರೆ ರೂಪಾಯಿ ಉಳಿದರೆ 2 ಲಕ್ಷದ 10 ಸಾವಿರ. ಪ್ಯಾನಲ್ ತೊಳೆಯೋದು, ರಿಪೇರಿ ಅಂತ 10 ಸಾವಿರ ಕಳೆಯಿರಿ. ವರ್ಷಕ್ಕೆ 2 ಲಕ್ಷ ಉಳಿತಾಯ. ಹತ್ತನ್ನು ಎರಡರಿಂದ ಭಾಗಿಸಿದರೆ ಐದು. ಲೆಕ್ಕ ಸರಿಯಾಗಿಯೇ ಇದೆ. ಇದೇ ಸಿಂಪಲ್ ಪೇಬ್ಯಾಕ್.

ಈಗ ನನ್ನದೊಂದು ಪ್ರಶ್ನೆ. ಇಲ್ಲಿರುವವರಲ್ಲಿ ಯಾರಾದರೂ ಪಕ್ಕದ ಶೆಡ್ಡಿನವರಿಗೆ 10 ಲಕ್ಷ ಕೊಟ್ಟು, ವರ್ಷಕ್ಕೆ ಎರಡೆರಡು ಲಕ್ಷದಂತೆ ಐದು ವರ್ಷ ತಗೊಂಡು, "ಲೆಕ್ಕ ಚುಕ್ತಾ" ಅಂತ ಕೈಮುಗಿದು ಬರುತ್ತೀರಾ? ನಗ್ತಾ ಇದ್ದೀರಿ. ಬಡ್ಡಿ ಎಲ್ಲಿ ಹೋಯಿತು ಅಂತ ಕೇಳುತ್ತೀರಿ, ಅಲ್ವಾ? ನಿಮ್ಮದೇ ಶೆಡ್ಡಿಗೆ ಕೊಟ್ಟ ದುಡ್ಡಿಗೆ ಮಾತ್ರ ಯಾಕೆ ಆ ಪ್ರಶ್ನೆ ಕೇಳುವುದಿಲ್ಲ?

ಹಾಗಾದರೆ ಸೋಲಾರ್‌ಗೆ ಒಂದು ಖಾತೆ ತೆರೆಯಿರಿ. ಒಂದು ರೂಪಾಯಿ ಬಡ್ಡಿ ಹಾಕೋಣ, ಅಂದರೆ ವರ್ಷಕ್ಕೆ ನೂರಕ್ಕೆ 12. ಮೊದಲ ವರ್ಷ 10 ಲಕ್ಷಕ್ಕೆ ಬಡ್ಡಿ 1 ಲಕ್ಷದ 20 ಸಾವಿರ. ಸೋಲಾರ್ ಕೊಟ್ಟಿದ್ದು 2 ಲಕ್ಷ. ಬಡ್ಡಿಗೆ ಹೋಗಿ ಅಸಲಿಗೆ ಸೇರಿದ್ದು ಬರೀ 80 ಸಾವಿರ. ಖಾತೆಯಲ್ಲಿ ಬಾಕಿ 9 ಲಕ್ಷದ 20 ಸಾವಿರ. ಎರಡನೇ ವರ್ಷದ ಕೊನೆಗೆ ಬಾಕಿ 8 ಲಕ್ಷದ 30 ಸಾವಿರ. ಹೀಗೇ ನಡೆಸಿಕೊಂಡು ಬನ್ನಿ. ಕೆಂಪು ಅಕ್ಷರ "ವಾಪಸ್ ಬಂತು" ಅನ್ನುವ ಐದನೇ ವರ್ಷದ ಕೊನೆಗೆ ಇನ್ನೂ 4 ಲಕ್ಷದ 92 ಸಾವಿರ ಬಾಕಿ ಇರುತ್ತದೆ! ಹೆಚ್ಚುಕಮ್ಮಿ ಅರ್ಧ. ಎಂಟು ವರ್ಷ ಮುಗಿದಾಗ ಬಾಕಿ 16 ಸಾವಿರ. ಅದು ಒಂದು ತಿಂಗಳ ಉಳಿತಾಯ. ಖಾತೆ ಮುಚ್ಚುವುದು ಎಂಟು ವರ್ಷ ಒಂದು ತಿಂಗಳಿಗೆ.

ಇದೇ ಡಿಸ್ಕೌಂಟೆಡ್ ಪೇಬ್ಯಾಕ್. ಪುಸ್ತಕದಲ್ಲಿ ಇದನ್ನು ತಿರುಗಿಸಿ ಬರೆಯುತ್ತಾರೆ. ಮುಂದಿನ ವರ್ಷ ಬರುವ 2 ಲಕ್ಷಕ್ಕೆ ಇವತ್ತಿನ ಬೆಲೆ 1 ಲಕ್ಷದ 79 ಸಾವಿರ, ಐದನೇ ವರ್ಷದ 2 ಲಕ್ಷಕ್ಕೆ 1 ಲಕ್ಷದ 13 ಸಾವಿರ, ಹೀಗೆ ಇಳಿಸಿ ಇಳಿಸಿ ಕೂಡಿಸುತ್ತಾರೆ. ಕೂಡಿದ ಮೊತ್ತ 10 ಲಕ್ಷ ಮುಟ್ಟುವ ದಿನವೂ ಅದೇ ಎಂಟು ವರ್ಷ ಒಂದು ತಿಂಗಳು. ಖಾತೆ ಬರೆದು ಬೆಳೆದವರು ನಾವು, ನಮಗೆ ಖಾತೆಯೇ ಸುಲಭ.

"ಸರ್, ಇದು ಸ್ವಂತ ದುಡ್ಡು, ಬಡ್ಡಿ ಎಲ್ಲಿಂದ ಬಂತು?" ಇದು ಪ್ರತಿ ಸಲ ಬರುವ ಪ್ರಶ್ನೆ. ಸ್ವಾಮಿ, ನಿಮ್ಮ ಓಡಿ ಖಾತೆಯಲ್ಲಿ ಬಾಕಿ ಇದೆಯಾ? ಇದ್ದೇ ಇರುತ್ತದೆ. ಆ 10 ಲಕ್ಷವನ್ನು ಅಲ್ಲಿ ಹಾಕಿದ್ದರೆ ಬ್ಯಾಂಕಿನ ಬಡ್ಡಿ ಉಳಿಯುತ್ತಿತ್ತು. ಕಡಿಮೆ ಅಂದರೂ ಆ ದರವನ್ನೇ ಇಲ್ಲಿ ಹಾಕಬೇಕು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಬರೆದುಕೊಳ್ಳಿ. ಕೆಲವರು ಎರಡು ರೂಪಾಯಿ ಬಡ್ಡಿಗೆ ಫೈನಾನ್ಸಿನವರಿಂದ ತಂದು ಹಾಕುತ್ತಾರೆ. ವರ್ಷಕ್ಕೆ ನೂರಕ್ಕೆ 24. ಆಗ ಇದೇ ಸೋಲಾರ್‌ನ ಡಿಸ್ಕೌಂಟೆಡ್ ಪೇಬ್ಯಾಕ್ ಎಷ್ಟು? ಹದಿನೈದು ವರ್ಷ ಅನ್ನುತ್ತೀರಾ? ಇಪ್ಪತ್ತಾ? ಉತ್ತರ: ಯಾವತ್ತೂ ಇಲ್ಲ. ಬಡ್ಡಿಯೇ ವರ್ಷಕ್ಕೆ 2 ಲಕ್ಷದ 40 ಸಾವಿರ, ಉಳಿತಾಯ 2 ಲಕ್ಷ. ಅಸಲು ಇಳಿಯುವ ಬದಲು ಏರುತ್ತದೆ. ಸಿಂಪಲ್ ಪೇಬ್ಯಾಕಿನ ವರ್ಷವನ್ನು ಬಡ್ಡಿ ದರದಿಂದ ಗುಣಿಸಿ ನೋಡಿ. ಉಳಿತಾಯ ವರ್ಷ ವರ್ಷವೂ ಒಂದೇ ಇದ್ದರೆ, ಗುಣಲಬ್ಧ ನೂರು ಮುಟ್ಟಿತು ಅಂದರೆ ಆ ಖಾತೆ ಮುಚ್ಚುವುದೇ ಇಲ್ಲ. 5 ವರ್ಷಕ್ಕೆ 20 ಪರ್ಸೆಂಟೇ ಗಡಿ. ಕೆಂಪು ಅಕ್ಷರದ 5 ಮಾತ್ರ ಯಾವ ಬಡ್ಡಿಗೂ ಅಲುಗಾಡದೆ 5 ಆಗಿಯೇ ಇರುತ್ತದೆ. ಅಷ್ಟು ಧೈರ್ಯ ನನಗೂ ಇಲ್ಲ.

ಇರಲಿ, ಈಗ ನನ್ನ ಹಳೇ ಕಥೆಗೆ ಬರುತ್ತೇನೆ. ಕೆಲವರು ಕೇಳಿದ್ದೀರಿ, ಇನ್ನೊಂದು ಸಲ ಕೇಳಿ.

ನನ್ನ ಕ್ಲೈಂಟ್ ಒಬ್ಬರು, ಹೆಸರು ಬೇಡ. 2017ರಲ್ಲಿ ಒಂದು ದೊಡ್ಡ ಆರ್ಡರ್ ಸಿಕ್ಕಿತು. ಗಾಡಿಯ ಎಕ್ಸಾಸ್ಟ್ ಪೈಪಿಗೆ ಹಾಕುವ ಒಂದು ಫ್ಲ್ಯಾಂಜ್. ಆ ವರ್ಷದ ಏಪ್ರಿಲ್‌ನಿಂದ ದೇಶದ ತುಂಬ ಬಿಎಸ್-4 ಬಂದಿತ್ತಲ್ಲ, ಅದಕ್ಕೆ ಬೇಕಾದ ಪಾರ್ಟ್. ಇವರು 10 ಲಕ್ಷ ಕೊಟ್ಟು ಎಸ್‌ಪಿಎಂ ಮಾಡಿಸಿದರು. ಆ ಒಂದು ಪಾರ್ಟಿಗೆ ಅಂತಲೇ ಮಾಡಿದ ಮೆಷಿನ್, ಬೇರೆ ಒಂದು ಬೋಲ್ಟನ್ನೂ ಅದು ಮುಟ್ಟುವುದಿಲ್ಲ. ಖರ್ಚೆಲ್ಲ ಕಳೆದು ವರ್ಷಕ್ಕೆ 4 ಲಕ್ಷ. ಪೇಬ್ಯಾಕ್ ಎರಡೂವರೆ ವರ್ಷ. ಆಯುಧ ಪೂಜೆಗೆ ನನ್ನನ್ನೂ ಕರೆದಿದ್ದರು. ಮೆಷಿನ್‌ಗೆ ಎಷ್ಟು ಹೂವು ಹಾಕಿದ್ದರು ಅಂದರೆ ಸ್ವಿಚ್ ಹುಡುಕಬೇಕಿತ್ತು. ಬೂದುಗುಂಬಳಕಾಯಿ ಒಡೆದಾಯಿತು, ಸ್ವೀಟ್ ಹಂಚಾಯಿತು. ಅವರ ಮನೆಯವರು ಪಕ್ಕದಲ್ಲೇ ನಿಂತಿದ್ದರು. ಸುಮ್ನೆ ಕೇಳುವ ಹಾಗೆ ಕೇಳಿದರು: "ಈ ಆರ್ಡರ್ ಮುಗಿದ ಮೇಲೆ ಇದರಲ್ಲಿ ಏನ್ ಮಾಡ್ತಾರೆ?" ಯಾರೂ ಉತ್ತರ ಕೊಡಲಿಲ್ಲ. ಎಲ್ಲರ ಬಾಯಲ್ಲೂ ಮೈಸೂರು ಪಾಕ್ ಇತ್ತು.

ಉತ್ತರ ಪೇಪರಿನಲ್ಲೇ ಬಂದಿತ್ತು. ಬಿಎಸ್-5 ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಹೋಗುತ್ತೇವೆ, 2020ರಿಂದ ಅಂತ ಸರ್ಕಾರ 2016ರ ಜನವರಿಯಲ್ಲೇ ಹೇಳಿತ್ತು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂತು. ಎಕ್ಸಾಸ್ಟಿನ ವಿನ್ಯಾಸವೇ ಬದಲಾಯಿತು, ಫ್ಲ್ಯಾಂಜಿನ ಆರ್ಡರ್ ನಿಂತಿತು. ಮೆಷಿನ್ ದುಡಿದದ್ದು ಮೂರು ವರ್ಷ.

ಖಾತೆ ತೆರೆಯೋಣ, ಅದೇ ಒಂದು ರೂಪಾಯಿ ಬಡ್ಡಿ. ಮೊದಲ ವರ್ಷದ ಕೊನೆಗೆ ಬಾಕಿ 7 ಲಕ್ಷದ 20 ಸಾವಿರ. ಎರಡನೇ ವರ್ಷ 4 ಲಕ್ಷದ 6 ಸಾವಿರ. ಮೂರನೇ ವರ್ಷ 55 ಸಾವಿರ. ಅಲ್ಲಿಗೆ ಆರ್ಡರ್ ಮುಗಿಯಿತು. ಗುಜರಿಯವರು 40 ಸಾವಿರ ಕೊಟ್ಟರು. ಆದರೂ 15 ಸಾವಿರ ಬಾಕಿ. ಎರಡೂವರೆ ವರ್ಷಕ್ಕೆ ದುಡ್ಡು ವಾಪಸ್ ಬಂದ ಮೆಷಿನ್ ನಷ್ಟದಲ್ಲಿ ಹೋಯಿತು! ಎಂಟು ವರ್ಷ ಕಾಯಿಸುವ ಸೋಲಾರ್ ಲಾಭ ಕೊಡುತ್ತದೆ. ಸಿಂಪಲ್ ಪೇಬ್ಯಾಕ್ ಮಾತ್ರ ನೋಡಿ ಇವೆರಡರಲ್ಲಿ ಒಂದನ್ನು ಆರಿಸಿ ಅಂದರೆ ನೀವೆಲ್ಲ ಮೆಷಿನ್ನಿಗೇ ಕೈ ಎತ್ತುತ್ತಿದ್ದಿರಿ.

ಹಾಗಾದರೆ ಡಿಸ್ಕೌಂಟೆಡ್ ಪೇಬ್ಯಾಕ್ ಹಾಕಿದರೆ ಸಾಕಾ? ಸಾಲದು. ಆ ಆರ್ಡರ್ ಇನ್ನೊಂದೇ ಒಂದು ವರ್ಷ ನಡೆದಿತ್ತು ಅಂತ ಇಟ್ಟುಕೊಳ್ಳಿ. ಮೂರು ವರ್ಷ ಎರಡು ತಿಂಗಳಿಗೆ ಬಡ್ಡಿ ಸಮೇತ ಖಾತೆ ಮುಚ್ಚುತ್ತದೆ. ಸೋಲಾರ್‌ಗೆ ಎಂಟು ವರ್ಷ ಒಂದು ತಿಂಗಳು. ಈಗಲೂ ಮೆಷಿನ್ನೇ ಗೆದ್ದ ಹಾಗೆ ಕಾಣುತ್ತದೆ. ಆದರೆ ಖಾತೆ ಮುಚ್ಚಿದ ಮೇಲೆ ಮೆಷಿನ್‌ಗೆ ಉಳಿದಿರುವುದು ಹತ್ತು ತಿಂಗಳು. ಸೋಲಾರ್‌ಗೆ ಉಳಿದಿರುವುದು ಹನ್ನೆರಡು ವರ್ಷಕ್ಕಿಂತ ಸ್ವಲ್ಪ ಕಮ್ಮಿ, ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ. ಎರಡು ಪೇಬ್ಯಾಕೂ ಆ ಭಾಗವನ್ನು ನೋಡುವುದೇ ಇಲ್ಲ. ಆ ತಾಯಿ ಕೇಳಿದ್ದು ಅದನ್ನೇ: ಆಮೇಲೆ?

ಆಮೇಲೆ ಬರುವುದರಲ್ಲಿ ಖರ್ಚೂ ಇರುತ್ತದೆ. ಸೋಲಾರ್‌ನಲ್ಲಿ ಸುಮಾರು ಹತ್ತನೇ ವರ್ಷಕ್ಕೆ ಇನ್ವರ್ಟರ್ ಬದಲಿಸಬೇಕಾಗುತ್ತದೆ. ಅದು ಕೊಟೇಶನ್‌ನಲ್ಲಿ ಇರುವುದಿಲ್ಲ. ಹೇಗಿರುತ್ತದೆ, ಪೇಬ್ಯಾಕ್ ಐದನೇ ವರ್ಷಕ್ಕೇ ಮುಗಿದಿದೆಯಲ್ಲ! 1 ಲಕ್ಷದ 20 ಸಾವಿರ ಅಂತ ಇಟ್ಟುಕೊಂಡರೆ ಇವತ್ತಿನ ಬೆಲೆಯಲ್ಲಿ ಅದು 39 ಸಾವಿರ. ಅದನ್ನೂ ಕಳೆದು, ಇಪ್ಪತ್ತು ವರ್ಷದ ಉಳಿತಾಯವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಹಾಕಿದ 10 ಲಕ್ಷ ತೆಗೆದರೆ ಕೈಯಲ್ಲಿ 4 ಲಕ್ಷದ 55 ಸಾವಿರ ಉಳಿಯುತ್ತದೆ. ನಾಲ್ಕು ವರ್ಷ ದುಡಿದ ಮೆಷಿನ್‌ಗೆ, ಗುಜರಿ ದುಡ್ಡು ಬಿಟ್ಟು, ಇದೇ ಲೆಕ್ಕ ಹಾಕಿದರೆ 2 ಲಕ್ಷದ 15 ಸಾವಿರ. ಈ ಉಳಿಕೆಗೇ ಎನ್‌ಪಿವಿ ಅನ್ನುತ್ತೇವೆ. ಪ್ಯಾನಲ್ ವರ್ಷಕ್ಕೆ ಅರ್ಧ ಪರ್ಸೆಂಟಿನಷ್ಟು ಸೊರಗುತ್ತದೆ, ಕರೆಂಟ್ ದರ ಏರುತ್ತದೆ. ಇವೆರಡನ್ನೂ ನಾನು ಲೆಕ್ಕಕ್ಕೆ ತಂದಿಲ್ಲ.

ಮುಂದಿನ ಸಾಲಿನವರು ತಲೆ ಅಲ್ಲಾಡಿಸುತ್ತಿದ್ದೀರಿ. "ನಾಲ್ಕು ವರ್ಷಕ್ಕೆ ಮೆಷಿನ್ನಿನ ದುಡ್ಡು ಕೈಗೆ ಬಂತಲ್ಲ, ಅದನ್ನು ಮತ್ತೆ ಹಾಕುತ್ತೇನೆ" ಅಂತ ತಾನೇ? ನ್ಯಾಯವಾದ ಮಾತು. ಎನ್‌ಪಿವಿಯನ್ನು ಅದೇ 12 ಪರ್ಸೆಂಟ್ ಬಡ್ಡಿ ಸೇರಿಸಿ ವರ್ಷ ವರ್ಷಕ್ಕೆ ಸಮನಾಗಿ ಹಂಚಿ ನೋಡಿದರೆ ಸೋಲಾರ್‌ಗೆ 61 ಸಾವಿರ, ಮೆಷಿನ್‌ಗೆ 71 ಸಾವಿರ. ನಾಲ್ಕು ನಾಲ್ಕು ವರ್ಷಕ್ಕೆ ಅಂಥದ್ದೇ ಆರ್ಡರ್ ಖಂಡಿತ ಸಿಗುತ್ತದೆ ಅಂತಿದ್ದರೆ ಮೆಷಿನ್ನೇ ಹಾಕಿ, ನಾನು ಅಡ್ಡ ಬರುವುದಿಲ್ಲ. ಖಂಡಿತ ಅನ್ನುವುದನ್ನು ಪರ್ಚೇಸ್ ಆರ್ಡರಿನಲ್ಲಿ ತೋರಿಸಿ ಅಷ್ಟೇ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೂ ಎರಡು ವಿಷಯ ಇದ್ದವು, ಓಡಿಸಿಬಿಡುತ್ತೇನೆ.

ಪೇಬ್ಯಾಕ್ ಪೂರ್ತಿ ದಂಡ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ರೊಕ್ಕ ಬಿಗಿ ಇದ್ದಾಗ ದುಡ್ಡು ಎಷ್ಟು ದಿನ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ತಿಳಿಯಲೇಬೇಕು. ಅಲ್ಲೂ ಕೆಂಪು ಅಕ್ಷರ ನಂಬಬೇಡಿ. 10 ಲಕ್ಷಕ್ಕೆ 12 ಪರ್ಸೆಂಟಿನಲ್ಲಿ ಐದು ವರ್ಷದ ಸಾಲ ತೆಗೆದರೆ ಇಎಂಐ ತಿಂಗಳಿಗೆ 22,244. ವರ್ಷಕ್ಕೆ 2 ಲಕ್ಷದ 67 ಸಾವಿರ. ಸೋಲಾರ್ ಕೊಡುವುದು 2 ಲಕ್ಷ. ಉಳಿದ 67 ಸಾವಿರ ಪ್ರತಿ ವರ್ಷ ನಿಮ್ಮ ಜೇಬಿನಿಂದ. ಸಾಲದ ಅವಧಿ ಜಾಸ್ತಿ ಕೇಳಿ, ಇಲ್ಲವಾದರೆ ಆ ದುಡ್ಡು ತೆಗೆದಿಟ್ಟುಕೊಂಡು ಹೊರಡಿ.

ಕೊನೆಯದು ಎಕ್ಸೆಲ್. B2ರಲ್ಲಿ ಮೈನಸ್ 10 ಲಕ್ಷ, B3ರಿಂದ B22ರವರೆಗೆ ಇಪ್ಪತ್ತು ವರ್ಷದ ಉಳಿತಾಯ. ಹತ್ತನೇ ವರ್ಷ, ಅಂದರೆ B12ರಲ್ಲಿ, ಇನ್ವರ್ಟರ್ ಖರ್ಚು ಕಳೆದು 80 ಸಾವಿರ ಹಾಕಿ. ಫಾರ್ಮುಲಾ ಇಷ್ಟೇ:

```
=NPV(12%,B3:B22)+B2
```

B2ವನ್ನು ಬ್ರಾಕೆಟ್ ಒಳಗೆ ಸೇರಿಸಬೇಡಿ. ಸೇರಿಸಿದರೆ ಇವತ್ತು ಕೊಡುವ ದುಡ್ಡನ್ನು ಒಂದು ವರ್ಷ ಆದಮೇಲೆ ಕೊಟ್ಟ ಹಾಗೆ ಎಕ್ಸೆಲ್ ತಿಳಿಯುತ್ತದೆ, ಉಳಿದದ್ದೆಲ್ಲ ಒಂದೊಂದು ವರ್ಷ ಮುಂದಕ್ಕೆ ಹೋಗುತ್ತದೆ, 4 ಲಕ್ಷದ 55 ಸಾವಿರದ ಜಾಗದಲ್ಲಿ 4 ಲಕ್ಷದ 6 ಸಾವಿರ ಬರುತ್ತದೆ. 12ರ ಜಾಗದಲ್ಲಿ ನಿಮ್ಮ ನಿಮ್ಮ ಓಡಿ ದರ ಹಾಕಿಕೊಳ್ಳಿ. ಕೊಟೇಶನ್ ತಂದಿರುವವರು ಕಾಫಿ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಲ್ಯಾಪ್‌ಟಾಪ್ ಇದೆ. ಎರಡು ರೂಪಾಯಿ ಬಡ್ಡಿಯವರು ಮೊದಲು ಬನ್ನಿ.